ಲಾಂಗ್ ಅಂಡ್ ಶಾರ್ಟ್

ಹೊಲಿಗೆಯ ಈ ಹೆಸರು ಅರ್ಧ ಸತ್ಯ: ಉದ್ದ-ಗಿಡ್ಡ ಎಳೆಗಳು ಸರದಿಯಂತೆ ಬರುವುದು ಅಂಚಿನ ಮೊದಲ ಸಾಲಿನಲ್ಲಿ ಮಾತ್ರ. ಹಳೆಯ ಲ್ಯಾಟಿನ್ ಹೆಸರು ‘ಓಪಸ್ ಪ್ಲುಮೇರಿಯಂ’, ಅಂದರೆ ಗರಿಗೆಲಸ, ನನಗೆ ಹೆಚ್ಚು ಒಪ್ಪುತ್ತದೆ. ಎಳೆಗಳು ಗರಿಗಳಂತೆ ಒಂದರೊಳಗೊಂದು ಸೇರುತ್ತವೆ.

ಕಲಬುರಗಿಯ ನೆಹರು ಗಂಜಿಗೆ ಕಾಳಾಗಿ ಬರುವ ತೊಗರಿಯ ಹೂವನ್ನೇ ತೆಗೆದುಕೊಳ್ಳಿ. ಮೊದಲು ಎಸಳಿನ ಅಂಚಿನಿಂದ ಬುಡದತ್ತ ಪೆನ್ಸಿಲಿನಲ್ಲಿ ದಿಕ್ಕಿನ ಗೆರೆ ಎಳೆಯಬೇಕು. ಆರೆಳೆ ದಾರದಿಂದ ಒಂದೇ ಎಳೆ ಬಿಡಿಸಿ, ಅಂಚಿಗೆ ತಿಳಿಹಳದಿ ತುಂಬಬೇಕು. ಮುಂದಿನ ಹಳದಿ ಸಾಲಿನ ಸೂಜಿ ಹಿಂದಿನ ಎಳೆಗಳನ್ನೇ ಸೀಳಿ, ಬೇರೆಬೇರೆ ಎತ್ತರದಲ್ಲಿ ಮೇಲೆ ಬರಬೇಕು. ಎಲ್ಲವೂ ಒಂದೇ ಮಟ್ಟದಲ್ಲಿ ಬಂದರೆ ಬಣ್ಣಗಳ ನಡುವೆ ಪಟ್ಟಿ ಕಾಣುತ್ತದೆ. ಆಗ ಹೊಸ ಎಳೆಗಳನ್ನು ಹಿಂದಿನ ಸಾಲಿನೊಳಗೆ ಇನ್ನಷ್ಟು ಆಳಕ್ಕೆ ಹಾಕಬೇಕು. ಬುಡದ ಕಿತ್ತಳೆಗೆ ಜಾಗ ಕಿರಿದಾಗುವುದರಿಂದ ಅಲ್ಲಿ ಎಳೆಗಳ ಸಂಖ್ಯೆಯನ್ನೂ ಕಡಿಮೆ ಮಾಡಬೇಕು.