ಕಪ್ಪು ಚುಕ್ಕೆ ಕೆತ್ತಿ ಬೇಯಿಸಿದರೆ ಸಾಕೇ? ಗೆಣಸು, ಟೊಮೆಟೊ, ಸುವರ್ಣಗೆಡ್ಡೆಗೆ ಉತ್ತರ ಬೇರೆ ಬೇರೆ

“ಕಪ್ಪು ಚುಕ್ಕೆ ಇರುವ ತರಕಾರಿ ವಿಷ, ತಕ್ಷಣ ಎಸೆಯಿರಿ” ಎಂಬ ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಅದರ ಕೆಳಗೇ ಯಾರಾದರೊಬ್ಬರು “ನಮ್ಮಜ್ಜಿ ಕೊಳೆತದ್ದನ್ನು ಕೆತ್ತಿ ಹಾಕಿ ಬೇಯಿಸ್ತಿದ್ರು, ನಮಗೇನೂ ಆಗಿಲ್ಲ” ಎಂದು ಬರೆದಿರುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ. ಹೆಚ್ಚಿನ ಕಪ್ಪು ಚುಕ್ಕೆಗಳಿಂದ ಅಪಾಯವಿಲ್ಲ. ಆದರೆ ಗೆಣಸಿನಲ್ಲಿ ಬರುವ ಒಂದೆರಡು ಬಗೆಯ ಹಾಳು ಮಾತ್ರ ಬೇಯಿಸಿದರೂ ಹೋಗುವುದಿಲ್ಲ. ಹಾಗಾಗಿ ಗೆಣಸಿನಿಂದಲೇ ಶುರು ಮಾಡೋಣ.

ಗೆಣಸಿಗೆ ಶಿಲೀಂಧ್ರ ತಗುಲಿದಾಗ ಅಥವಾ ಹುಳು ಕೊರೆದಾಗ ಅದು ಸುಮ್ಮನಿರುವುದಿಲ್ಲ. ಗಾಯದ ಸುತ್ತ ತನ್ನ ರಕ್ಷಣೆಗೆಂದು ಕೆಲವು ಕಹಿ ರಾಸಾಯನಿಕಗಳನ್ನು ತಾನೇ ತಯಾರಿಸುತ್ತದೆ. ಅವುಗಳಲ್ಲಿ ಮುಖ್ಯವಾದುದು ಇಪೊಮಿಯಾಮರೋನ್. ಕಪ್ಪು ಕೊಳೆ ರೋಗ ಬಂದ ಗೆಣಸಿನಲ್ಲಿ ಇದನ್ನು ಜಪಾನಿನ ವಿಜ್ಞಾನಿಗಳು 1940ರ ದಶಕದಲ್ಲೇ ಗುರುತಿಸಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದು ಯಕೃತ್ತಿಗೆ ಹಾನಿ ಮಾಡುವುದು ಕಂಡುಬಂದಿದೆ. ಕುದಿಸಲಿ, ಸುಡಲಿ, ಎಣ್ಣೆಯಲ್ಲಿ ಕರಿಯಲಿ, ಸ್ವಲ್ಪ ಕಡಿಮೆಯಾಗಬಹುದೇ ಹೊರತು ಪೂರ್ತಿ ನಾಶವಾಗುವುದಿಲ್ಲ. ಬೆಂದ ಗೆಣಸನ್ನು ಕಚ್ಚಿದಾಗ ಒಮ್ಮೊಮ್ಮೆ ಬಾಯೆಲ್ಲ ಕಹಿಯಾಗುವುದಕ್ಕೆ ಇಂಥ ಪದಾರ್ಥಗಳೇ ಕಾರಣ.

ಸಂಕ್ರಾಂತಿಗೆ ಒಂದು ಕೆಜಿ ಗೆಣಸು ತಂದಿದ್ದೀರಿ, ಅದರಲ್ಲಿ ಐದು ಗೆಡ್ಡೆಗಳ ಮೇಲೆ ಅನುಮಾನವಿದೆ ಎಂದಿಟ್ಟುಕೊಳ್ಳಿ.

ಮೊದಲನೆಯದರ ಸಿಪ್ಪೆಯ ಮೇಲೆ ಶಾಯಿ ಚೆಲ್ಲಿದಂತೆ ಕಂದು-ಕಪ್ಪು ಕಲೆಗಳಿವೆ. ಉಗುರಿನಿಂದ ಕೆರೆದು ನೋಡಿ. ಕಲೆ ಸಿಪ್ಪೆಯಲ್ಲೇ ನಿಂತು, ಒಳಗಿನ ತಿರುಳು ಸ್ವಚ್ಛವಾಗಿದ್ದರೆ ಅದು ಸಿಪ್ಪೆಗಷ್ಟೇ ಅಂಟುವ ಶಿಲೀಂಧ್ರದ ಕಲೆ. ಸಿಪ್ಪೆ ತೆಗೆದು ಬೇಯಿಸಿ, ರುಚಿಯೂ ಕೆಟ್ಟಿರುವುದಿಲ್ಲ.

ಎರಡನೆಯದರ ತುದಿ ಕಪ್ಪಾಗಿ, ಅಂಟಂಟಾಗಿದೆ. ಗೆಣಸನ್ನು ಮುರಿದರೆ ಬಿಳಿ ಹಾಲು ಬರುತ್ತದಲ್ಲ, ಅದು ಒಣಗಿ ಕಪ್ಪಾಗಿರುವುದು ಅಷ್ಟೆ. ತುದಿ ಕತ್ತರಿಸಿದರೆ ಸಾಕು. ಹೆಚ್ಚಿಟ್ಟ ಹೋಳು ಗಾಳಿಗೆ ಕಪ್ಪಾಗುವುದೂ ಹಾಳಾಗಿರುವುದರ ಗುರುತಲ್ಲ. ಹೆಚ್ಚಿದ ಕೂಡಲೇ ನೀರಿಗೆ ಹಾಕಿದರೆ ಅದು ಕಡಿಮೆಯಾಗುತ್ತದೆ.

ಮೂರನೆಯದರಲ್ಲಿ ನಾಣ್ಯದಂತೆ ದುಂಡಗಿನ, ಸ್ವಲ್ಪ ತಗ್ಗಾದ ಕಪ್ಪು ಕಲೆಯಿದೆ. ಕತ್ತರಿಸಿದರೆ ಕಪ್ಪು ಒಳಗೂ ಇಳಿದಿದೆ. ಇದು ಕಪ್ಪು ಕೊಳೆ ರೋಗ. ಒಂದೇ ಒಂದು ಸಣ್ಣ ಕಲೆಯಿದ್ದು ಉಳಿದ ಗೆಡ್ಡೆ ಗಟ್ಟಿಯಾಗಿದ್ದರೆ, ಕಪ್ಪು ಭಾಗದ ಜೊತೆಗೆ ಸುತ್ತಲೂ ಒಂದು ಬೆರಳಿನ ಅಗಲದಷ್ಟು ಒಳ್ಳೆಯ ತಿರುಳನ್ನೂ ಕತ್ತರಿಸಿ ತೆಗೆಯಬೇಕು. ಕಹಿ ಪದಾರ್ಥ ಕಪ್ಪು ಗೆರೆಯ ಹೊರಗಿನ ಬೆಳ್ಳಗಿನ ತಿರುಳಿಗೂ ಹರಡಿರುತ್ತದೆ. ಚಾಕುವಿನ ಮೊನೆಯಿಂದ ಕಪ್ಪನ್ನಷ್ಟೇ ಕೆತ್ತಿದರೆ ಅದು ಹೋಗುವುದಿಲ್ಲ. ಎರಡು ಮೂರು ಕಲೆಗಳಿದ್ದರೆ ಅಥವಾ ಕಪ್ಪು ಆಳಕ್ಕೆ ಹೋಗಿದ್ದರೆ ಆ ಗೆಡ್ಡೆಯನ್ನು ಉಳಿಸಿಕೊಳ್ಳಲು ಹೆಣಗಬೇಡಿ.

ನಾಲ್ಕನೆಯದು ನಮ್ಮ ಕಡೆ ಮಾರುಕಟ್ಟೆಯಲ್ಲಿ ತುಂಬ ಸಿಗುವಂಥದ್ದು, ಕಣ್ಣು ತಪ್ಪಿಸುವಂಥದ್ದೂ ಹೌದು. ಹೊರಗೆ ಗುಂಡುಸೂಜಿ ಚುಚ್ಚಿದಂತೆ ಸಣ್ಣ ತೂತುಗಳು, ಅಷ್ಟೇ. ಉದ್ದಕ್ಕೆ ಸೀಳಿದರೆ ಒಳಗೆ ಕಂದು-ಕಪ್ಪು ಸುರಂಗಗಳು, ಅದರಲ್ಲಿ ಹುಳುವಿನ ಹಿಕ್ಕೆ, ಕೆಲವೊಮ್ಮೆ ಬಿಳಿ ಮರಿಹುಳುವೂ ಇರುತ್ತದೆ. ಇದು ಗೆಣಸಿನ ಮೂತಿಹುಳುವಿನ ಕೆಲಸ. ಬೆಳೆದ ಹುಳು ಇರುವೆಯ ಹಾಗೆ ಕಾಣುತ್ತದೆ, ನಡುಭಾಗ ಕೆಂಪಗಿರುತ್ತದೆ. ಹುಳು ಕೊರೆದದ್ದು ಒಂದೇ ಕಡೆ ಇದ್ದರೂ ಕಹಿ ಸುರಂಗದ ಆಚೆಗೂ ಹರಡುತ್ತದೆ. ಬದನೆಕಾಯಿಯ ಹುಳುಕು ತೆಗೆದಂತೆ ಇಲ್ಲಿ ಹುಳುಕನ್ನಷ್ಟೇ ತೆಗೆದರೆ ನಡೆಯದು. ಇಡೀ ಗೆಡ್ಡೆಯನ್ನು ಬಿಡಿ.

ಐದನೆಯದು ಒಂದು ತುದಿಯಲ್ಲಿ ಮೆತ್ತಗಾಗಿ ನೀರು ಬಿಡುತ್ತಿದೆ, ಮೇಲೆ ಬೂದು ಕೂದಲಿನಂಥ ಬೂಷ್ಟು ಬಂದಿದೆ. ಅದನ್ನೂ ಪೂರ್ತಿ ಎಸೆಯಿರಿ. ಅದಕ್ಕೆ ತಾಗಿಕೊಂಡಿದ್ದ ಗೆಡ್ಡೆಗಳನ್ನು ಒರೆಸಿ ಬೇರೆ ಇಟ್ಟು, ಮೊದಲು ಅವನ್ನೇ ಬಳಸಿ.

ಹಬ್ಬದ ದಿನ ಗೆಣಸನ್ನು ಸಿಪ್ಪೆ ಸಮೇತ ಇಡಿಯಾಗಿ ಬೇಯಿಸುವುದು ರೂಢಿ. ತೂತು ಇರುವ ಗೆಡ್ಡೆಯನ್ನು ಬೇಯಿಸುವ ಮೊದಲೇ ಸೀಳಿ ನೋಡುವುದು ಒಳ್ಳೆಯದು, ಇಲ್ಲದಿದ್ದರೆ ಕಹಿ ಗೊತ್ತಾಗುವುದು ಬಾಯಿಗೆ ಹಾಕಿಕೊಂಡ ಮೇಲೆಯೇ. ಕಹಿ ಎನಿಸಿದರೆ ಉಗುಳಿಬಿಡಿ, ಬೆಲ್ಲ ಹಚ್ಚಿಕೊಂಡು ನುಂಗಬೇಡಿ, ಮಕ್ಕಳಿಗೂ ಹಾಗೆ ತಿನ್ನಿಸಬೇಡಿ. ಒಂದು ತುತ್ತು ಗಂಟಲಲ್ಲಿ ಇಳಿದುಹೋಯಿತೆಂದು ಗಾಬರಿಯಾಗಬೇಕಿಲ್ಲ. ತಿಂದ ಮೇಲೆ ವಾಂತಿಯಾದರೆ ಅಥವಾ ಉಸಿರಾಟ ಕಷ್ಟವಾದರೆ ವೈದ್ಯರ ಬಳಿ ಹೋಗಿ, ಏನು ತಿಂದಿದ್ದೆಂದು ಹೇಳಿ.

ಇನ್ನು ಎಸೆದ ಗೆಣಸು ಎಲ್ಲಿಗೆ ಹೋಗುತ್ತದೆ? ಹಳ್ಳಿಯಲ್ಲಾದರೆ ಹಸುವಿನ ಮುಂದಕ್ಕೆ. ಈ ಲೇಖನದಲ್ಲಿ ಒಂದನ್ನೇ ಫಾರ್ವರ್ಡ್ ಮಾಡುವುದಾದರೆ ಈ ಭಾಗವನ್ನು ಮಾಡಿ. ಬೂಷ್ಟು ಹಿಡಿದ ಗೆಣಸಿನಲ್ಲಿ, ಗೆಡ್ಡೆ ತಯಾರಿಸಿದ ರಕ್ಷಣಾ ಪದಾರ್ಥವನ್ನು ಕೆಲವು ಶಿಲೀಂಧ್ರಗಳು ಇನ್ನೊಂದು ವಿಷವಾಗಿ ಬದಲಾಯಿಸುತ್ತವೆ. ಆ ವಿಷ ದನಗಳ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತದೆ. 1969ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಬೂಷ್ಟು ಬಂದ ಗೆಣಸು ತಿಂದ ಒಂದು ಹಿಂಡಿನಲ್ಲಿ ಹಲವು ದನಗಳು ಸತ್ತವು. ಇದರ ಲಕ್ಷಣ ಏದುಸಿರು. ದನ ಬಾಯಿ ತೆರೆದು, ಕುತ್ತಿಗೆ ಚಾಚಿ ಉಸಿರಾಡಲು ಒದ್ದಾಡುತ್ತದೆ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ, ಕೂಡಲೇ ಪಶುವೈದ್ಯರನ್ನು ಕರೆಯಬೇಕು. ಹಾಳಾದ ಗೆಣಸನ್ನು ದನ ಬಾಯಿ ಹಾಕಲಾಗದಂತೆ ಗುಂಡಿ ತೋಡಿ ಮುಚ್ಚಿ.

ಒಳ್ಳೆಯ ಗೆಣಸನ್ನು ಫ್ರಿಜ್‌ನಲ್ಲಿ ಇಡಬೇಡಿ. ಆ ತಣ್ಣಗೆ ಅದಕ್ಕೆ ಆಗದು, ಒಳಗೆ ಕಪ್ಪಾಗಿ, ಬೇಯಿಸಿದರೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ. ಗಾಳಿಯಾಡುವ ಬುಟ್ಟಿ ಸಾಕು.

ಟೊಮೆಟೊ ವಿಷಯ ಇಷ್ಟು ಗಂಭೀರವಲ್ಲ. ತೊಟ್ಟಿನ ಎದುರು, ಅಂದರೆ ಕೆಳತುದಿಯಲ್ಲಿ, ಚರ್ಮದಂತೆ ಒಣಗಿದ ಕಪ್ಪು ಕಲೆಯಿದ್ದರೆ ಅದು ಸೋಂಕೇ ಅಲ್ಲ. ಗಿಡಕ್ಕೆ ನೀರು ಹೆಚ್ಚುಕಡಿಮೆಯಾಗಿ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ಹೀಗಾಗುತ್ತದೆ. ಕಲೆ ಒಣಗಿದ್ದು, ಬೂಷ್ಟು ಇಲ್ಲದಿದ್ದರೆ ಅಷ್ಟು ಭಾಗ ಕತ್ತರಿಸಿ ಸಾರಿಗೆ ಹಾಕಿ. ಚೀಲದಲ್ಲಿ ಒತ್ತಿಕೊಂಡು ಮೆತ್ತಗಾದ, ಆದರೆ ಸಿಪ್ಪೆ ಒಡೆಯದ ಹಣ್ಣನ್ನೂ ಅಂದೇ ಬಳಸಬಹುದು. ಆದರೆ ತೊಟ್ಟಿನ ಬಳಿ ಅಥವಾ ಬಿರುಕಿನಲ್ಲಿ ವೆಲ್ವೆಟ್‌ನಂಥ ಕಪ್ಪು ಬೂಷ್ಟು, ಬಿಳಿ ನೂಲು ಅಥವಾ ಹುಳಿ ವಾಸನೆ ಇದ್ದರೆ ಇಡೀ ಹಣ್ಣು ಬೇಡ. ಟೊಮೆಟೊ ನೀರಿನಂಶದ ಮೆದು ಹಣ್ಣು, ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ದೂರ ಹೋಗಿರುತ್ತವೆ. ಅಂಥದ್ದನ್ನು ಅಗ್ಗವೆಂದು ತಂದು ಚಟ್ನಿಗೆ ರುಬ್ಬುವುದು ಉಳಿತಾಯವಲ್ಲ.

ಸುವರ್ಣಗೆಡ್ಡೆಯ ಸಿಪ್ಪೆ ಹುಟ್ಟಾ ಕಪ್ಪು, ಗಂಟುಗಂಟು. ಅದನ್ನು ನೋಡಿ ಏನನ್ನೂ ಹೇಳಲಾಗದು. ಅಂಗಡಿಯವರು ಕತ್ತರಿಸಿಟ್ಟ ಹೋಳಿನ ಮುಖ ಕಂದಾಗಿದ್ದರೆ ಅದು ಗಾಳಿ ತಾಗಿದ್ದರಿಂದ ಆದದ್ದು. ತೆಳುವಾಗಿ ಒಂದು ಪದರ ಸವರಿ ತೆಗೆದರೆ ಕೆಳಗೆ ಒಳ್ಳೆಯ ಬಣ್ಣವಿರುತ್ತದೆ. ಬಾಯಿ, ಕೈ ತುರಿಸುವುದೂ ಕೊಳೆತದ್ದಕ್ಕಲ್ಲ, ಗೆಡ್ಡೆಯಲ್ಲೇ ಇರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿಂದ. ಹೋಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದು ಒಂದು ಮೂಲೆ ಮಾತ್ರ ಒಣಗಿ ಕಪ್ಪಾಗಿದ್ದರೆ ಅದನ್ನು ಧಾರಾಳವಾಗಿ ಕತ್ತರಿಸಿ ಉಳಿದದ್ದನ್ನು ಬೇಯಿಸಿ. ಬೆರಳು ಒಳಗಿಳಿದು, ನೀರು ಒಸರಿ, ವಾಸನೆ ಬಂದರೆ ಆ ಹೋಳು ಬೇಡ.