ಹೊಳೆಯ ‘ನಾನು’: ವೃಷಭಾವತಿಯ ದಂಡೆಯಲ್ಲಿ ಒಂದು ಕಾವ್ಯರೂಪದ ಪರೀಕ್ಷೆ

ಊರಿನ ಪಕ್ಕದಲ್ಲಿ ಹರಿಯುವ ಹೊಳೆ ತಾನೇ ಮಾತನಾಡುವ ಭಾವಗೀತೆಗೆ ಒಂದು ಗೃಹೀತವಿದೆ. ತಲೆಮಾರುಗಳು ಅಳಿಯುತ್ತವೆ, ಹೊಳೆ ಉಳಿಯುತ್ತದೆ ಎಂಬುದೇ ಅದು. ದಂಡೆಯ ಜನರಿಗಿಂತ ಹೆಚ್ಚು ಕಾಲ ಬಾಳುವ ಹೊಳೆಗೆ ಅವರ ಕಥೆ ಹೇಳುವ ಅಧಿಕಾರ ಅದರಿಂದಲೇ ಬರುತ್ತದೆ. ಬನಶಂಕರಿಯ ಪಶ್ಚಿಮಕ್ಕೆ ಹರಿಯುವ ವೃಷಭಾವತಿಯ ಮಟ್ಟಿಗೆ ಈ ಗೃಹೀತ ನಿಲ್ಲುವುದಿಲ್ಲ, ಆದ್ದರಿಂದ ಗೀತೆಯ ರಚನೆಯೂ ಬದಲಾಗಬೇಕಾಗುತ್ತದೆ ಎಂಬುದು ಈ ಲೇಖನದ ವಾದ.

ಈ ರೂಪದ ಪ್ರಸಿದ್ಧ ಮಾದರಿ ಟೆನಿಸನ್ನನ ‘ದಿ ಬ್ರೂಕ್’ (1855). ಶಾಲಾ ಪಠ್ಯಗಳಲ್ಲಿ ತೊರೆಯ ಹಾಡಿನ ಪದ್ಯಗಳಷ್ಟನ್ನೇ ಆರಿಸಿಕೊಟ್ಟಿದ್ದರಿಂದ ಅದನ್ನು ಸ್ವತಂತ್ರ ಗೀತೆಯೆಂದೇ ಓದುವುದು ವಾಡಿಕೆಯಾಗಿದೆ. ಮೂಲದಲ್ಲಿ ಅದು ಒಂದು ಕಥನಕವಿತೆಯ ನಡುನಡುವೆ ಬರುತ್ತದೆ. ಊರಿಗೆ ಮರಳಿದ ಲಾರೆನ್ಸ್ ಎಂಬಾತ ತೊರೆಯ ದಂಡೆಯಲ್ಲಿ ಕುಳಿತು, ತೀರಿಕೊಂಡ ಕವಿಸೋದರ ಎಡ್ಮಂಡನ ಪದ್ಯಗಳನ್ನು ನೆನೆಯುತ್ತಾನೆ. ಅಂದರೆ ತಾನು ಶಾಶ್ವತ ಎನ್ನುವ ತೊರೆಗೆ ಆ ಮಾತನ್ನು ಕೊಟ್ಟವನು ಬದುಕಿಲ್ಲ. ಕವಿತೆಯ ಕೊನೆಗೆ ಲಾರೆನ್ಸನ ಎದುರು ನಿಲ್ಲುವವಳು ಅವನು ಹಿಂದೆ ಕಂಡಿದ್ದ ಕೇಟಿಯ ಮಗಳು. ತಾಯಿಯ ಮುಖ, ತಾಯಿಯದೇ ಹೆಸರು. ಹೀಗೆ ಕಥೆಯಲ್ಲಿ ತಲೆಮಾರು ಮರಳಿ ಬರುತ್ತದೆ. ಹಾಡನ್ನು ಕಥೆಯಿಂದ ಬಿಡಿಸಿಟ್ಟರೆ ಹೊಳೆಯ ಹೆಮ್ಮೆ ಮಾತ್ರ ಉಳಿದು, ಅದನ್ನು ಪ್ರಶ್ನಿಸುವ ಮನುಷ್ಯರು ಮರೆಯಾಗುತ್ತಾರೆ.

ಕನ್ನಡದಲ್ಲಿ ಹೆಚ್ಚು ಬಳಕೆಯಲ್ಲಿರುವುದು ನದಿಯನ್ನು ಕರೆಯುವ ರೀತಿ. ಬೇಂದ್ರೆಯವರ ‘ಗಂಗಾವತರಣ’ದಲ್ಲಿ ಮನುಷ್ಯ ಬೇಡುತ್ತಾನೆ, ನದಿ ಕೇಳಿಸಿಕೊಳ್ಳುತ್ತದೆ. ನದಿಯೇ ನುಡಿಯತೊಡಗಿದರೆ ಈ ಸಂಬಂಧ ತಿರುಗುಮುರುಗಾಗುತ್ತದೆ. ಕನ್ನಡದ ಕ್ರಿಯಾಪದವೇ ಉತ್ತಮ ಪುರುಷವನ್ನು ಸೂಚಿಸುವುದರಿಂದ ‘ನಾನು’ ಎನ್ನದೆಯೇ ಹೊಳೆ ಇಡೀ ಪದ್ಯ ಹಾಡಬಲ್ಲದು. ಆ ಕ್ರಿಯಾಪದದಲ್ಲಿ ಲಿಂಗಭೇದವೂ ಇಲ್ಲ. ತಾಯಿಯೆಂದು ಕರೆಸಿಕೊಂಡ ನದಿ ತನ್ನ ಬಾಯಲ್ಲಿ ತಾಯಿಯಾಗಿಯೇ ಇರಬೇಕಾಗಿಲ್ಲ.

ಹಾಗಾದರೆ ವೃಷಭಾವತಿ ‘ನಾನು’ ಎಂದಾಗ ನುಡಿಯುವ ನೀರು ಯಾವುದು? ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂಬ ಐತಿಹ್ಯವುಳ್ಳ ಈ ಹೊಳೆ ದಿಣ್ಣೆಯ ಮೇಲಿನ ಮಳೆನೀರಿನ ಕೂಸು. ಇಂದು ಮಳೆಯಿಲ್ಲದ ದಿನಗಳಲ್ಲಿ ಅದರಲ್ಲಿ ಹರಿಯುವುದು ಬಹುಪಾಲು ಮನೆಗಳ ಬಳಕೆಯ ನೀರು, ಜೊತೆಗೆ ಕಾರ್ಖಾನೆಗಳ ಕೊಳೆ. ಕತ್ರಿಗುಪ್ಪೆ, ಹೊಸಕೆರೆಹಳ್ಳಿ ಕಡೆಯ ರಾಜಕಾಲುವೆಗಳು ಬನಶಂಕರಿಯ ಪಶ್ಚಿಮ ಭಾಗದ ನೀರನ್ನೂ ಅದಕ್ಕೆ ಸೇರಿಸುತ್ತವೆ.

ಆ ನೀರಿನ ಮೂಲ ತಲೆಮಾರಿಗೊಂದು ಬಗೆ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಸಿದ್ಧವಾದ ಮೇಲೆ ಬೆಂಗಳೂರಿನ ಒಂದು ಪೀಳಿಗೆ ಅರ್ಕಾವತಿಯ ನೀರು ಕುಡಿಯಿತು. 1974ರಲ್ಲಿ ಕಾವೇರಿ ಮೊದಲ ಹಂತ ಬಂತು. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಿ ತರುತ್ತಾರೆ. ಅದಕ್ಕೆ ಕೊಳವೆಬಾವಿಯ ನೀರೂ ಕೂಡಿ, ಮನೆಯಿಂದ ಚರಂಡಿಗೆ ಇಳಿದು, ವೃಷಭಾವತಿಯಾಗಿ ಬಿಡದಿಯ ಬಳಿಯ ಬೈರಮಂಗಲ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ. ಆದರೆ ನಗರಕ್ಕೆ ನೀರೆತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ಹಾಗಾಗಿ ಹೋದ ನೀರು ಹೊಳೆಯ ದಾರಿಯಲ್ಲಿ ಅದೇ ನಲ್ಲಿಗೆ ಮರಳದು, ಮೇಕೆದಾಟು ದಾಟಿ ತಮಿಳುನಾಡಿಗೆ ಹೋಗುತ್ತದೆ.

ಇದರಿಂದ ಗೀತೆಗೆ ಮೂರು ಪರಿಣಾಮಗಳಿವೆ. ಒಂದು, ಪಲ್ಲವಿಯದು. ನೀವು ಹೋದರೂ ನಾನಿರುವೆ ಎಂದು ಈ ಹೊಳೆ ಹಾಡಿದರೆ ಸುಳ್ಳಾಗುತ್ತದೆ. ಜನರಿದ್ದಷ್ಟು ಕಾಲವೇ ಅದರ ಬೇಸಿಗೆಯ ಹರಿವು. ಎರಡು, ಲಯದ್ದು. ಋತುಮಾನ ಅನುಸರಿಸುತ್ತಿದ್ದ ಹರಿವು ಈಗ ಮನೆಯ ಗಡಿಯಾರವನ್ನೂ ಅನುಸರಿಸುತ್ತದೆ. ಬೆಳಗಿನ ಸ್ನಾನ, ಪಾತ್ರೆ, ಬಟ್ಟೆಯ ಹೊತ್ತಿಗೆ ಏರಿ ನಡುರಾತ್ರಿಗೆ ತಗ್ಗುತ್ತದೆ. ಪದ್ಯವನ್ನು ಆರು ಋತುಗಳಾಗಿ ವಿಂಗಡಿಸುವ ಕವಿ ಹೊಳೆಯ ಅರ್ಧವನ್ನಷ್ಟೇ ಕೇಳಿಸಿಕೊಂಡಂತೆ. ಮೂರು, ಸಂಬೋಧನೆಯದು. ಅಜ್ಜಿಯ ಕಾಲದಲ್ಲಿ ಹೊಳೆಗೆ ಊರು ಎದುರಿಗಿದ್ದ ‘ನೀವು’. ಮೊಮ್ಮಗಳ ಕಾಲದಲ್ಲಿ ಊರು ಹೊಳೆಯೊಳಗೇ ಇದೆ, ‘ನೀವು’ ಎಂಬುದು ‘ನಾವು’ ಆಗಿದೆ. ಪದ್ಯದಿಂದ ಪದ್ಯಕ್ಕೆ ಸರ್ವನಾಮ ಹೀಗೆ ಜಾರುವುದನ್ನು ತೋರಿಸಿದರೆ ತಲೆಮಾರಿನ ಬದಲಾವಣೆಗೆ ಬೇರೆ ವಿವರಣೆ ಬೇಕಾಗದು.

ಈ ವಾದಕ್ಕೆ ಮಿತಿಯೂ ಇದೆ. ಜೋರು ಮಳೆಯಲ್ಲಿ ಹಳೆಯ ಹೊಳೆ ಕೆಲವು ಗಂಟೆ ಎಚ್ಚರಗೊಳ್ಳುತ್ತದೆ. ಆಗಿನ ನೀರು ಮುಗಿಲಿನದು, ದನಿಯೂ ಬೇರೆ. ಆದ್ದರಿಂದ ವೃಷಭಾವತಿಯ ಗೀತೆಯನ್ನು ಬರೀ ಶೋಕಗೀತೆಯಾಗಿಸುವುದೂ ತಪ್ಪು ಓದು. ಟೆನಿಸನ್ನನ ತೊರೆ ದಂಡೆಯ ಸಾಕ್ಷಿಯಾಗಿ ಮಾತನಾಡುತ್ತದೆ. ಇಲ್ಲಿನ ಹೊಳೆಗೆ ಸಾಕ್ಷಿಯ ಸ್ಥಾನವಿಲ್ಲ. ತನ್ನನ್ನು ಹರಿಸುತ್ತಿರುವವರ ಬಗ್ಗೆ ಅದು ಪಾಲುದಾರನ ದನಿಯಲ್ಲೇ ಹಾಡಬೇಕು.