ಶಸ್ತ್ರಚಿಕಿತ್ಸೆಯ ಪ್ರಾತಃಕಾಲದ ನಿತ್ಯೌಷಧಗಳು

‘ಬರಿಹೊಟ್ಟೆಯಲ್ಲಿ ಬನ್ನಿ’ ಎಂಬ ಆದೇಶವು ಅನ್ನಪಾನಗಳಿಗೆ ಸಲ್ಲುವುದೇ ಹೊರತು ಎಲ್ಲ ಗುಳಿಗೆಗಳಿಗೂ ಅಲ್ಲವೆಂಬುದನ್ನು ರೋಗಿಗಳು ಅನೇಕ ವೇಳೆ ಅರಿಯರು. ಅರಿವಳಿಕೆಯಲ್ಲಿ ಕೆಮ್ಮುವ ಶಕ್ತಿ ಉಡುಗುವುದರಿಂದ ಜಠರದಲ್ಲಿರುವುದು ಮೇಲೇರಿ ಶ್ವಾಸಕೋಶವನ್ನು ಹೊಕ್ಕೀತೆಂಬುದೇ ಉಪವಾಸದ ಕಾರಣ. ನ್ಯೂಯಾರ್ಕಿನ ಪ್ರಸೂತಿವೈದ್ಯ ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಗರ್ಭಿಣಿಯರ ದಾಖಲೆಗಳಿಂದ ಇಂಥ 66 ಪ್ರಸಂಗಗಳನ್ನು ಆಯ್ದು ವಿವರಿಸಿದನು. ಘನಾಹಾರವು ಉಸಿರ್ದಾರಿಯನ್ನು ಕಟ್ಟುವ ಬಗೆಯೇ ಬೇರೆ, ಆಮ್ಲದ್ರವವು ಶ್ವಾಸಕೋಶವನ್ನು ಸುಡುವ ಬಗೆಯೇ ಬೇರೆ ಎಂಬುದನ್ನು ಮೊಲಗಳ ಮೇಲಣ ಪ್ರಯೋಗಗಳಿಂದ ವಿಂಗಡಿಸಿ ತೋರಿಸಿದವನೂ ಅವನೇ. ತಿಳಿನೀರಾದರೋ ಜಠರದಿಂದ ಬೇಗನೆ ಜಾರಿಹೋಗುತ್ತದೆ. ಆದಕಾರಣ ಗುಳಿಗೆ ನುಂಗಲು ಬೇಕಾದ ಒಂದು ಗುಟುಕು ನೀರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ನಿಲ್ಲಿಸಬಾರದವುಗಳಲ್ಲಿ ಮೊದಲನೆಯದು ಮೆಟೊಪ್ರೊಲಾಲ್ ಮೊದಲಾದ ಬೀಟಾ ನಿರೋಧಕಗಳು. ದೀರ್ಘಕಾಲ ಸೇವಿಸಿದವರು ಹಠಾತ್ತನೆ ಬಿಟ್ಟರೆ ನಾಡಿಯ ವೇಗವೂ ರಕ್ತದೊತ್ತಡವೂ ಒಮ್ಮೆಲೇ ಏರಿ ಹೃದಯಕ್ಕೆ ರಕ್ತ ಸಾಲದೆ ಹೋಗಬಹುದು. ಆದರೆ ಹಿಂದೆ ಸೇವಿಸದಿದ್ದವರಿಗೆ ಅದೇ ದಿನ ಹೊಸದಾಗಿ ಆರಂಭಿಸುವುದು ಬೇರೆ ಮಾತು: 2008ರಲ್ಲಿ ಪ್ರಕಟವಾದ ‘ಪಾಯ್ಸ್’ ಪ್ರಯೋಗದಲ್ಲಿ ಹೃದಯಾಘಾತಗಳು ಕಡಿಮೆಯಾದರೂ ಪಾರ್ಶ್ವವಾಯುವೂ ಮರಣವೂ ಹೆಚ್ಚಿದುವು. ಟೆಲ್ಮಿಸಾರ್ಟಾನ್ ಮುಂತಾದವುಗಳನ್ನು, ಅರಿವಳಿಕೆಯಲ್ಲಿ ಒತ್ತಡ ಕುಸಿಯದಿರಲೆಂದು, ಹಲವರು 24 ಗಂಟೆ ಮುಂಚೆ ನಿಲ್ಲಿಸುತ್ತಾರೆ. ಈ ವಿಷಯದಲ್ಲಿ ಏಕಾಭಿಪ್ರಾಯವಿಲ್ಲ.

ಗ್ಲಿಮೆಪಿರೈಡ್ ಉಪವಾಸದಲ್ಲಿಯೂ ಇನ್ಸುಲಿನ್ ಸ್ರವಿಸುವಂತೆ ಮಾಡುವುದರಿಂದ ಅಂದು ವರ್ಜ್ಯ. ಡಪಾಗ್ಲಿಫ್ಲೋಜಿನ್ ಇನ್ನೂ ಮೋಸಗಾರ. ಅದು ಸಕ್ಕರೆಯನ್ನು ಮೂತ್ರದಲ್ಲಿ ಕಳೆಯುತ್ತಿರುವಾಗ ಉಪವಾಸವೂ ಸೇರಿದರೆ ರಕ್ತದಲ್ಲಿ ಕೀಟೋನ್ ಆಮ್ಲಗಳು ಶೇಖರವಾಗಬಲ್ಲುವು. ಬೆರಳು ಚುಚ್ಚಿ ನೋಡಿದ ಸಕ್ಕರೆ ಮಾತ್ರ ಸಾಧಾರಣವಾಗಿಯೇ ಕಾಣುವುದುಂಟು. ವಾಂತಿ, ಹೊಟ್ಟೆನೋವು, ಆಳವಾದ ಉಸಿರು ತೋರಿದಾಗ ಅದನ್ನು ಶಸ್ತ್ರಚಿಕಿತ್ಸೆಯ ಆಯಾಸವೆಂದು ಬಗೆಯದೆ ರಕ್ತದ ಕೀಟೋನನ್ನೇ ಪರೀಕ್ಷಿಸಬೇಕು. ಕನಿಷ್ಠ ಮೂರು ದಿನ ಮುಂಚೆ ಇದನ್ನು ನಿಲ್ಲಿಸುವ ಪದ್ಧತಿಗೆ ಇದೇ ಕಾರಣ. ಮೊದಲನೆಯ ಪ್ರಕಾರದ ಮಧುಮೇಹಿಗಳು ದೀರ್ಘಪರಿಣಾಮದ ಇನ್ಸುಲಿನ್ನನ್ನು ಪೂರ್ಣವಾಗಿ ಬಿಡುವುದು ಎಂದಿಗೂ ಸಲ್ಲದು. ಪ್ರಮಾಣವನ್ನಷ್ಟೇ ವೈದ್ಯರು ತಗ್ಗಿಸಬಹುದು.

ನಮ್ಮಲ್ಲಿ ತೊಡಕಾಗುವುದು ಜೋಡಿ ಗುಳಿಗೆಗಳಿಂದ. ಪಿತ್ತಕೋಶದ ಕಲ್ಲಿಗೆ ಸೋಮವಾರ ಬೆಳಿಗ್ಗೆ 8 ಗಂಟೆಗೆ ಶಸ್ತ್ರಚಿಕಿತ್ಸೆಯಾಗಬೇಕಾದ ಗೃಹಿಣಿಯೊಬ್ಬಳನ್ನು ಉದಾಹರಣೆಗೆ ಊಹಿಸೋಣ. ಅವಳ ಡಬ್ಬಿಯಲ್ಲಿರುವ ಒಂದು ಗುಳಿಗೆಯಲ್ಲಿ ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ, ಮೆಟೊಪ್ರೊಲಾಲ್ 50 ಮಿಲಿಗ್ರಾಂ. ಇನ್ನೊಂದರಲ್ಲಿ ಡಪಾಗ್ಲಿಫ್ಲೋಜಿನ್ ಮತ್ತು ಮೆಟ್‌ಫಾರ್ಮಿನ್. ಬಿಡಬೇಕಾದುದೂ ಬಿಡಬಾರದುದೂ ಒಂದೇ ಗುಳಿಗೆಯೊಳಗಿದ್ದರೆ, ತೆಗೆದುಕೊಂಡರೂ ತಪ್ಪು, ಬಿಟ್ಟರೂ ತಪ್ಪು. ಅರಿವಳಿಕೆ ವೈದ್ಯರು ಒಂದು ವಾರ ಮೊದಲೇ ಗುಳಿಗೆಪಟ್ಟಿಯ ಬೆನ್ನಿನ ಸಣ್ಣಕ್ಷರಗಳನ್ನು ಓದಿದರೆ ದಾರಿ ಸುಲಭ: ಶುಕ್ರವಾರದಿಂದ ಡಪಾಗ್ಲಿಫ್ಲೋಜಿನ್ ಬಿಟ್ಟು ಬರಿಯ ಮೆಟ್‌ಫಾರ್ಮಿನ್, ಒತ್ತಡದ ಜೋಡಿಗುಳಿಗೆ ಭಾನುವಾರ ಬೆಳಗಿನವರೆಗೆ, ಸೋಮವಾರ 6 ಗಂಟೆಗೆ ಪ್ರತ್ಯೇಕವಾಗಿ ಬರೆಸಿಕೊಂಡ ಮೆಟೊಪ್ರೊಲಾಲ್ ಒಂದೇ, ಗುಟುಕು ನೀರಿನೊಡನೆ.

ಥೈರಾಕ್ಸಿನ್, ಅಪಸ್ಮಾರದ ಔಷಧಗಳು, ನಿತ್ಯದ ಸ್ಟೀರಾಯ್ಡ್ ಇವು ವಾಡಿಕೆಯಂತೆ ಮುಂದುವರಿಯುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವವುಗಳ ನಿರ್ಣಯ ಮಾತ್ರ ಆ ಬೆಳಗಿನದಲ್ಲ. ಅದು ದಿನಗಳ ಹಿಂದೆಯೇ, ಶಸ್ತ್ರವೈದ್ಯರ ಸಮ್ಮುಖದಲ್ಲಿ, ಆಗಿರತಕ್ಕದ್ದು.